ಬರೆ ಕುಸಿದದ್ದೋ, ತುಂಬಿಸಿದ ಮಣ್ಣು ಕುಗ್ಗಿದ್ದೋ?

ಕೊಡಗಿನಲ್ಲಿ ಮನೆ ಕಟ್ಟಲು ಸಮತಟ್ಟಾದ ಜಾಗ ಸಿಗುವುದು ಅಪರೂಪ. ಗುಡ್ಡದ ಇಳಿಜಾರನ್ನು ಒಂದು ಬದಿಯಲ್ಲಿ ಕಡಿದು, ಆ ಮಣ್ಣನ್ನೇ ಇನ್ನೊಂದು ಬದಿಗೆ ತುಂಬಿ ಮಟ್ಟ ಮಾಡುತ್ತಾರೆ. ಹಾಗಾಗಿ ಮನೆಯ ಹಿಂಭಾಗ ಗಟ್ಟಿ ನೆಲದ ಮೇಲೆ ನಿಂತರೆ ಮುಂಭಾಗ ತುಂಬಿಸಿದ ಮಣ್ಣಿನ ಮೇಲೆ ನಿಲ್ಲುತ್ತದೆ. ಅಡುಗೆಮನೆಯ ಹಿಂದೆ ಎರಡಾಳೆತ್ತರದ ಬರೆ, ಅಂಗಳದ ತುದಿಯಲ್ಲಿ ತಡೆಗೋಡೆ. ಜೋರು ಮಳೆಗೆ ಹಿಂದಿನ ಬರೆ ಕುಸಿದು ಗೋಡೆಗೆ ಬಡಿಯಬಹುದು. ಅದೇ ಮಳೆಗೆ ಮುಂದಿನ ತುಂಬಿಸಿದ ಮಣ್ಣು ನೀರು ಕುಡಿದು ಕುಗ್ಗಿ, ಜಗಲಿ ಒಂದು ಕಡೆಗೆ ವಾಲಬಹುದು. ಎರಡರಲ್ಲೂ ಗೋಡೆ ಬಿರಿಯುತ್ತದೆ, ಮನೆಯವರು ಬೀದಿಗೆ ಬರುತ್ತಾರೆ. ಆದರೆ ಮನೆ ವಿಮೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ ಪರಿಹಾರ ಉಂಟು, ಎರಡನೆಯದಕ್ಕೆ ಇಲ್ಲ.

ಮನೆ ವಿಮೆಯ ಬಗ್ಗೆ ಮೊದಲು ತಿಳಿಯಬೇಕಾದದ್ದು ಇದನ್ನೇ. ವಿಮಾ ಕಂಪನಿ ಏನು ಹಾಳಾಯಿತು ಎಂದು ಕೇಳುವ ಮೊದಲು ಯಾತರಿಂದ ಹಾಳಾಯಿತು ಎಂದು ಕೇಳುತ್ತದೆ. ಪಾಲಿಸಿಯಲ್ಲಿ ಹೆಸರಿಸಿದ ಕಾರಣದಿಂದ ಹಾಳಾಗಿದ್ದರೆ ಮಾತ್ರ ಹಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಕೃಷ್ಣಾ ತೀರದ ಊರುಗಳು ಮುಳುಗಿದಾಗ, 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗ ನಾವೆಲ್ಲ ಸರ್ಕಾರದ ಪರಿಹಾರದ ಮಾತಾಡಿದೆವು. ನಮ್ಮ ಬೀರುವಿನಲ್ಲೇ ಇರಬಹುದಾದ ವಿಮೆಯ ಕಾಗದವನ್ನು ತೆರೆದು ನೋಡಿದವರು ಕಡಿಮೆ.

ಆ ಕಾಗದ ಯಾವ ವರ್ಷದ್ದು ಎಂಬುದನ್ನು ಮೊದಲು ನೋಡಬೇಕು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ಪ್ರವಾಹ, ನೀರು ನುಗ್ಗುವುದು, ಭೂಕುಸಿತ, ಬಂಡೆ ಉರುಳುವುದು ಎಲ್ಲವೂ ಮೂಲ ಪಾಲಿಸಿಯೊಳಗೇ ಬರುತ್ತವೆ. ಇವಕ್ಕಾಗಿ ಪ್ರತ್ಯೇಕ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾಗಿಲ್ಲ.

ಹಳೆಯ ಪಾಲಿಸಿಗಳು ಹೀಗಿರಲಿಲ್ಲ. ಆಗ ಇದ್ದದ್ದು ಬೆಂಕಿ ಮತ್ತು ವಿಶೇಷ ಅಪಾಯಗಳ ಪಾಲಿಸಿ. ಅದರಲ್ಲಿ ಭೂಕಂಪ ಬೇಕೆಂದರೆ ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ಪ್ರೀಮಿಯಂ ಕಡಿಮೆಯಾಗಲೆಂದು ಬಿರುಗಾಳಿ ಮತ್ತು ಪ್ರವಾಹವನ್ನು ಕೈಬಿಡುವುದಕ್ಕೂ ಅವಕಾಶವಿತ್ತು. ಗೃಹಸಾಲದ ಜೊತೆಗೆ ಹತ್ತು, ಹದಿನೈದು ವರ್ಷಕ್ಕೆ ಒಟ್ಟಿಗೆ ಮಾಡಿಸಿದ ಇಂಥ ಪಾಲಿಸಿಗಳು ಇನ್ನೂ ಚಾಲ್ತಿಯಲ್ಲಿರಬಹುದು. 2016ರಲ್ಲಿ ಸಾಲ ಮಾಡಿ ಮನೆ ಕಟ್ಟಿದವರು ತಮಗೆ ಭೂಕಂಪದ ರಕ್ಷಣೆ ಇದೆ ಎಂದುಕೊಂಡಿದ್ದರೆ ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. 2022ರ ಜೂನ್, ಜುಲೈನಲ್ಲಿ ಕೊಡಗು ಮತ್ತು ಸುಳ್ಯದ ಗಡಿಯಲ್ಲಿ ನೆಲ ಮತ್ತೆ ಮತ್ತೆ ಅದುರಿತ್ತು. ಕಂಪನಗಳು ಸಣ್ಣವಾದರೂ ಪಾತ್ರೆ ಅಲುಗಿದ ಸದ್ದಿಗೆ ಜನ ಮನೆಯಿಂದ ಹೊರಗೋಡಿದ್ದರು. ಭೂಕಂಪ ನಮ್ಮ ಕಡೆಯದಲ್ಲ ಎಂದು ತಳ್ಳಿಹಾಕುವಂತಿಲ್ಲ.

ಹಳೆಯ ಪಾಲಿಸಿಯಲ್ಲಿ ಇನ್ನೊಂದು ತೊಡಕಿದೆ. ಬ್ಯಾಂಕಿನವರು ಸಾಲದ ಮೊತ್ತಕ್ಕೆ ಸರಿಯಾಗಿ ವಿಮೆ ಮಾಡಿಸಿರುತ್ತಾರೆ. ಮನೆ ಕಟ್ಟಲು 30 ಲಕ್ಷ ಬೇಕು, ಸಾಲ 20 ಲಕ್ಷ, ವಿಮೆಯೂ 20 ಲಕ್ಷ ಎಂದಿಟ್ಟುಕೊಳ್ಳಿ. ನೆರೆಯಲ್ಲಿ 6 ಲಕ್ಷದ ಹಾನಿಯಾಯಿತು. 20 ಲಕ್ಷದ ವಿಮೆ ಇರುವಾಗ 6 ಲಕ್ಷ ಬರಬೇಡವೇ ಎನಿಸುತ್ತದೆ. ಆದರೆ ಮನೆಯ ಮೌಲ್ಯದ ಮೂರನೇ ಎರಡು ಪಾಲಿಗೆ ಮಾತ್ರ ವಿಮೆ ಮಾಡಿಸಿದ್ದೀರಿ ಎಂದು ಕಂಪನಿ ಹಾನಿಯಲ್ಲೂ ಮೂರನೇ ಎರಡು ಪಾಲನ್ನೇ, ಅಂದರೆ 4 ಲಕ್ಷವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಭಾರತ್ ಗೃಹ ರಕ್ಷಾದಲ್ಲಿ ವಿಮೆ ಕಡಿಮೆ ಮಾಡಿಸಿದ್ದೀರಿ ಎಂಬ ಈ ಕಡಿತವನ್ನು ತೆಗೆದುಹಾಕಿದ್ದಾರೆ. ಹೊಸ ಪಾಲಿಸಿಯಲ್ಲಿ ನನಗೆ ಅತ್ಯಂತ ನ್ಯಾಯವಾದದ್ದು ಎನಿಸಿದ ಬದಲಾವಣೆ ಇದು.

ಈಗ ಗುಡ್ಡದ ಮನೆಗೆ ಮರಳೋಣ. ಹೊಸ ಪಾಲಿಸಿಯಲ್ಲಿ ಭೂಕುಸಿತಕ್ಕೆ ರಕ್ಷಣೆ ಕೊಡುವ ಸಾಲಿನ ಪಕ್ಕದಲ್ಲೇ ಅದಕ್ಕಿರುವ ಹೊರತುಗಳೂ ಇವೆ. ಹೊಸ ಕಟ್ಟಡ ನೆಲಕ್ಕೆ ಕೂರುವಾಗ ಸಹಜವಾಗಿ ಬೀಳುವ ಬಿರುಕು ಇದರಲ್ಲಿ ಸೇರುವುದಿಲ್ಲ. ತುಂಬಿಸಿದ ಮಣ್ಣು ಕುಗ್ಗಿದರೆ, ಜರುಗಿದರೆ ಸೇರುವುದಿಲ್ಲ. ನದಿಯ ಅಥವಾ ಕಡಲಿನ ಕೊರೆತ ಸೇರುವುದಿಲ್ಲ. ವಿನ್ಯಾಸದ ದೋಷ, ಕಳಪೆ ಕೆಲಸ, ಕಳಪೆ ಸಾಮಗ್ರಿಯಿಂದ ಆದದ್ದು ಸೇರುವುದಿಲ್ಲ. ಕೊನೆಯದಾಗಿ, ಕಟ್ಟಡ ಕೆಲಸದಿಂದಾಗಲಿ ನೆಲ ಅಗೆತದಿಂದಾಗಲಿ ನೆಲ ಕುಸಿದರೂ ಸೇರುವುದಿಲ್ಲ.

ಈ ಕೊನೆಯ ಷರತ್ತನ್ನು ಮಲೆನಾಡಿನವರು ನಿಧಾನವಾಗಿ ಓದಬೇಕು. ಅಗೆದದ್ದು ನೀವೇ ಆಗಿರಬೇಕೆಂದು ಅಲ್ಲಿ ಹೇಳಿಲ್ಲ. ಪಕ್ಕದವರು ಸೈಟು ಮಟ್ಟ ಮಾಡಲು ಜೆಸಿಬಿ ತಂದಿರಬಹುದು, ರಸ್ತೆ ಅಗಲ ಮಾಡಲು ಗುತ್ತಿಗೆದಾರ ಗುಡ್ಡದ ಬುಡ ಕಡಿದಿರಬಹುದು. ಕುಸಿತಕ್ಕೆ ಅದೇ ಕಾರಣ ಎಂದಾದರೆ ಕಂಪನಿ ಕೈ ತೊಳೆದುಕೊಳ್ಳಲು ದಾರಿಯಿದೆ. 2018ರ ದುರಂತದ ನಂತರ ಕೊಡಗಿನಲ್ಲಿ ಸಮೀಕ್ಷೆ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವೂ ಇಳಿಜಾರನ್ನು ಮನುಷ್ಯರು ಕಡಿದು ಬದಲಿಸಿದ್ದನ್ನು ಕಾರಣಗಳಲ್ಲಿ ಒಂದಾಗಿ ಹೇಳಿತ್ತು. ಹಾಗೆಂದು ಎಲ್ಲ ಕ್ಲೇಮೂ ಬಿದ್ದುಹೋಗುತ್ತದೆ ಎಂದಲ್ಲ. ಹತ್ತಾರು ವರ್ಷ ಅಲುಗದೆ ನಿಂತಿದ್ದ ಬರೆ ಮೂರು ದಿನದ ಮಹಾಮಳೆಗೆ ಕುಸಿದರೆ ಅದಕ್ಕೆ ಮುಖ್ಯ ಕಾರಣ ಮಳೆಯೋ ಹಳೆಯ ಕಡಿತವೋ ಎಂಬುದು ವಾದಿಸಬೇಕಾದ ಪ್ರಶ್ನೆ. ವಾದಕ್ಕೆ ಸಾಕ್ಷ್ಯ ಬೇಕು, ಅದನ್ನು ಮಳೆಗೆ ಮೊದಲೇ ಕೂಡಿಟ್ಟಿರಬೇಕು.

ಹಾನಿಯ ಕಾರಣ ತೀರ್ಮಾನಿಸಲು ಕಂಪನಿ ಸರ್ವೇಯರ್‌ನನ್ನು ಕಳಿಸುತ್ತದೆ. ಅನುಭವಿ ಸರ್ವೇಯರ್ ಗೋಡೆಯ ಬಿರುಕಿಗೆ ಟಾರ್ಚು ಹಿಡಿದು ಒಳಗೆ ನೋಡುತ್ತಾನೆ. ಬಿರುಕಿನೊಳಗೆ ಸುಣ್ಣ, ಬಣ್ಣ, ಜೇಡರಬಲೆ, ಕಪ್ಪು ಧೂಳು ಇದ್ದರೆ ಅದು ಹಳೆಯದು. ಅಂಚು ಚೂಪಾಗಿದ್ದು, ಒಳಗಿನ ಸಿಮೆಂಟು ಅಥವಾ ಇಟ್ಟಿಗೆ ಶುಭ್ರವಾಗಿ ಕಂಡರೆ ಹೊಸದು. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಇಳಿದಿರುವ ಬಿರುಕು ಒಂದು ಬದಿಯ ಪಾಯ ಕೂತಿರುವುದನ್ನು ಸೂಚಿಸುತ್ತದೆ. ಆಮೇಲೆ ಅವನು ಮನೆಯ ಹಿಂದಕ್ಕೆ ಹೋಗುತ್ತಾನೆ. ಬರೆಯ ಮೇಲಿನ ನೆಲದಲ್ಲಿ ಕಮಾನಿನಂತೆ ಸೀಳು ಬಿದ್ದಿದೆಯೇ, ಮರಗಳು, ಕರೆಂಟು ಕಂಬಗಳು ವಾಲಿವೆಯೇ, ಮಣ್ಣು ನಿಜಕ್ಕೂ ಜಾರಿ ಬಂದಿದೆಯೇ ಎಂದು ನೋಡುತ್ತಾನೆ. ಮೇಲಿನಿಂದ ಜಾರಿದ ಗುರುತು ಇದ್ದರೆ ಭೂಕುಸಿತ. ಬರೆ ಹಾಗೇ ಇದ್ದು ಜಗಲಿ ಮಾತ್ರ ಮುಂದಕ್ಕೆ ವಾಲಿದ್ದರೆ ತುಂಬಿಸಿದ ಮಣ್ಣಿನ ಕುಗ್ಗುವಿಕೆ ಎಂದು ಬರೆಯುತ್ತಾನೆ. ಮೇ ತಿಂಗಳಲ್ಲಿ ತೆಗೆದ ಗೋಡೆಯ ಫೋಟೋ ಇದ್ದವರಿಗೆ ಆ ಬಿರುಕು ಹೊಸದೆಂದು ತೋರಿಸುವುದು ಸುಲಭ.

ಕರಾವಳಿಯಲ್ಲಿ ಇದೇ ಪ್ರಶ್ನೆ ಕಡಲಿನ ರೂಪದಲ್ಲಿ ಬರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಹೆಂಚು ಹಾರಿದ, ಅಲೆ ನುಗ್ಗಿ ಗೋಡೆ ಬಿದ್ದ ಮನೆಗಳಿದ್ದವು. ಚಂಡಮಾರುತ, ನೀರು ನುಗ್ಗುವಿಕೆ ಎರಡೂ ಪಾಲಿಸಿಯಲ್ಲಿ ಹೆಸರಿರುವ ಕಾರಣಗಳೇ. ಆದರೆ ಉಳ್ಳಾಲ, ಸೋಮೇಶ್ವರದ ಕಡೆಯಂತೆ ವರ್ಷವರ್ಷವೂ ಕಡಲು ದಡ ತಿನ್ನುತ್ತ ಬಂದು, ಪಾಯದಡಿಯ ಮರಳು ಜಾರಿ ಮನೆ ಕುಸಿದರೆ ಅದು ಕಡಲ್ಕೊರೆತ, ಅದಕ್ಕೆ ವಿಮೆಯಿಲ್ಲ. ಕೊರೆತದ ಅಂಚಿನಲ್ಲಿರುವ ಮನೆಗೆ ಪಾಲಿಸಿ ಮಾಡಿಸುವವರು ಈ ಮಾತನ್ನು ಏಜೆಂಟರ ಬಾಯಲ್ಲೇ ಕೇಳಿಸಿಕೊಂಡಿರಬೇಕು. ದುರ್ಬಲರಾದ ಮೀನುಗಾರ ಕುಟುಂಬಗಳಿಗೆ ಅತಿ ಹೆಚ್ಚು ಬೇಕಾದ ರಕ್ಷಣೆಯೇ ಪಟ್ಟಿಯಿಂದ ಹೊರಗುಳಿದಿರುವುದು ನನಗೆ ಸರಿ ಕಾಣುವುದಿಲ್ಲ.

ಹಣದ ಮಿತಿಗಳನ್ನು ಒಂದು ಮನೆಯ ಲೆಕ್ಕದಲ್ಲಿ ನೋಡೋಣ. 1,200 ಚದರಡಿ ಕಾರ್ಪೆಟ್ ವಿಸ್ತೀರ್ಣದ ಮನೆ, ಚದರಡಿಗೆ ಕಟ್ಟುವ ಖರ್ಚು 2,200 ರೂಪಾಯಿ. ಕಟ್ಟಡಕ್ಕೆ 26.40 ಲಕ್ಷ. ತಡೆಗೋಡೆ, ಕಾಂಪೌಂಡು, ನೀರಿನ ತೊಟ್ಟಿಗೆ 3.60 ಲಕ್ಷ ಸೇರಿಸಿದರೆ ವಿಮಾ ಮೊತ್ತ 30 ಲಕ್ಷ. ಇದರಲ್ಲಿ ಜಾಗದ ಬೆಲೆ ಇಲ್ಲ. ಸೈಟೇ ಜಾರಿ ಕಣಿವೆಗೆ ಹೋದರೂ ನೆಲದ ಬೆಲೆ ಬರುವುದಿಲ್ಲ, ಬರುವುದು ಕಟ್ಟುವ ಖರ್ಚು ಮಾತ್ರ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೆ ತಾನಾಗಿ ಅದರ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ಸಿಗುತ್ತದೆ. ಈ ಮನೆಗೆ ಅದು 6 ಲಕ್ಷ. ಪಟ್ಟಿ ಕೊಡಬೇಕಾಗಿಲ್ಲ. ಮಂಚ, ಫ್ರಿಜ್ಜು, ಟಿ.ವಿ., ಪಾತ್ರೆ, ಬಟ್ಟೆ ಎಲ್ಲ ಇದರಲ್ಲಿ ಬರುತ್ತವೆ. ಚಿನ್ನ, ಬೆಳ್ಳಿ ಬರುವುದಿಲ್ಲ. ಅವುಗಳ ಬೆಲೆಯನ್ನು ಮೊದಲೇ ಒಪ್ಪಿಸಿ ಬೇರೆಯಾಗಿ ಸೇರಿಸಿಕೊಳ್ಳಬೇಕು. ನಗದು ಹಣಕ್ಕೂ, ವಾಹನಕ್ಕೂ ಇದರಲ್ಲಿ ಜಾಗವಿಲ್ಲ. ಅಟ್ಟದಲ್ಲಿಟ್ಟ ಅಡಿಕೆ ಮೂಟೆ, ಕಾಫಿ ಚೀಲಗಳು ಮನೆಬಳಕೆಯ ಸಾಮಾನಲ್ಲ, ಮಾರಾಟದ ಸರಕು. ಅದಕ್ಕೆ ಬೇರೆ ಪಾಲಿಸಿಯೇ ಬೇಕು. ಮನೆಯನ್ನು ಹೋಂಸ್ಟೇ ಮಾಡಿದ್ದರೆ ಅದನ್ನೂ ಕಂಪನಿಗೆ ಹೇಳಿರಬೇಕು, ಏಕೆಂದರೆ ಈ ಪಾಲಿಸಿ ಇರುವುದು ವಾಸದ ಮನೆಗೆ.

ಈಗ ಹಿಂದಿನ ಬರೆ ಕುಸಿದು ಅಡುಗೆಮನೆ, ಬಚ್ಚಲು ನೆಲಸಮವಾದವು ಎನ್ನೋಣ. ಕಟ್ಟಡದ ದುರಸ್ತಿಗೆ 7.50 ಲಕ್ಷ. ಅದು ಸಿಗುತ್ತದೆ. ಎಂಜಿನಿಯರ್, ವಾಸ್ತುಶಿಲ್ಪಿಯ ಶುಲ್ಕಕ್ಕೆ ಕ್ಲೇಮಿನ ಶೇ 5ರವರೆಗೆ, ಅಂದರೆ 37,500 ರೂಪಾಯಿ. ಸಾಕಾಗಬಹುದು. ತೊಂದರೆ ಬರುವುದು ಅವಶೇಷ ತೆಗೆಯುವ ಖರ್ಚಿನಲ್ಲಿ. ಅದಕ್ಕೆ ಮಿತಿ ಕ್ಲೇಮಿನ ಶೇ 2, ಅಂದರೆ 15,000. ಮನೆಯೊಳಗೆ ಸೊಂಟದೆತ್ತರ ಕೆಸರು ತುಂಬಿರುವಾಗ ಜೆಸಿಬಿ ಮೂವತ್ತು ಗಂಟೆ ಕೆಲಸ ಮಾಡಿದರೆ, ಗಂಟೆಗೆ 1,300ರಂತೆ 39,000. ಇಪ್ಪತ್ತೈದು ಟಿಪ್ಪರ್ ಮಣ್ಣು ಸಾಗಿಸಲು, ಲೋಡಿಗೆ ಸಾವಿರದಂತೆ 25,000. ಒಟ್ಟು 64,000ದಲ್ಲಿ 49,000 ಕೈಯಿಂದಲೇ ಹೋಗುತ್ತದೆ. ಗುಡ್ಡದಿಂದ ಬಂದ ಮಣ್ಣು ಮನೆಯ ಅವಶೇಷವೇ ಅಲ್ಲ ಎಂಬ ತಕರಾರು ಬಂದರೂ ಬರಬಹುದು. ಮನೆ ವಾಸಕ್ಕೆ ಯೋಗ್ಯವಾಗುವವರೆಗೆ ಬಾಡಿಗೆ ಮನೆಯ ಖರ್ಚಿಗೆ ಅವಕಾಶವಿದೆ. ಎಷ್ಟು ಕಾಲ, ಎಷ್ಟರವರೆಗೆ ಎಂಬುದನ್ನು ಪಾಲಿಸಿ ಮಾಡಿಸುವಾಗಲೇ ಕೇಳಿಟ್ಟುಕೊಳ್ಳಿ. ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿರುವಾಗ ಕಳ್ಳತನವಾದರೆ ಅದಕ್ಕೂ ರಕ್ಷಣೆಯುಂಟು, ಆದರೆ ಘಟನೆಯಾದ ಏಳು ದಿನದೊಳಗೆ ಆಗಿರಬೇಕು. ಎಂಟನೆಯ ದಿನದ ಕಳ್ಳತನ ಈ ಪಾಲಿಸಿಗೆ ಸೇರುವುದಿಲ್ಲ.

ನೆರೆ ಇಳಿದ ಮೇಲೆ ಎಷ್ಟೋ ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಕರೆಂಟು ಬಂದ ಕೂಡಲೇ ಫ್ರಿಜ್ಜು, ಪಂಪು ಆನ್ ಮಾಡಿ ನೋಡುತ್ತಾರೆ. ನೀರಲ್ಲಿ ಮುಳುಗಿ ಕೆಟ್ಟ ಯಂತ್ರಕ್ಕೆ ಪರಿಹಾರವಿದೆ. ಶಾರ್ಟ್ ಸರ್ಕ್ಯೂಟ್ ಆಗಿ ಅಥವಾ ವೋಲ್ಟೇಜ್ ಹೆಚ್ಚಾಗಿ ಸುಟ್ಟ ಯಂತ್ರಕ್ಕೆ ಇಲ್ಲ. ಸ್ವಿಚ್ ಒತ್ತಿದ ಆ ಒಂದು ಗಳಿಗೆಯಲ್ಲಿ ಹಾನಿಯ ಕಾರಣವೇ ಬದಲಾಗಿಬಿಡುತ್ತದೆ. ಸರ್ವೇಯರ್ ನೋಡುವವರೆಗೆ ಯಂತ್ರಗಳನ್ನು ಹಾಗೇ ಬಿಡಿ, ಗೋಡೆಯ ಮೇಲೆ ನೀರು ನಿಂತ ಗುರುತನ್ನೂ ಫೋಟೋ ತೆಗೆಯದೆ ತೊಳೆಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗ ಮುಳುಗಿದ್ದು ನೆನಪಿದೆಯಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರ ಸ್ವಂತ ಪಾಲಿಸಿ ತಮ್ಮ ಫ್ಲ್ಯಾಟಿಗೆ ಮಾತ್ರ. ನೆಲಮಾಳಿಗೆಯ ಜನರೇಟರ್, ಲಿಫ್ಟಿನ ಯಂತ್ರ, ವಿದ್ಯುತ್ ಪ್ಯಾನೆಲ್ ಎಲ್ಲರ ಸ್ವತ್ತಾದ್ದರಿಂದ ಸಂಘದ ಹೆಸರಿನಲ್ಲಿ ಪಾಲಿಸಿ ಇರಬೇಕು.

ಪಾಲಿಸಿ ಮಾಡಿಸಿ ಎಷ್ಟು ದಿನ ಕಾಯಬೇಕು ಎಂದು ಹಲವರು ಕೇಳುತ್ತಾರೆ. ಆರೋಗ್ಯ ವಿಮೆಯಲ್ಲಿರುವಂತೆ ಇಂತಿಷ್ಟು ದಿನ ಕಾಯಬೇಕೆಂಬ ಷರತ್ತು ಭಾರತ್ ಗೃಹ ರಕ್ಷಾದಲ್ಲಿ ಇಲ್ಲ. ಹಾಗೆಂದು ನದಿಯ ನೀರು ಮೆಟ್ಟಿಲಿಗೆ ಬಂದಾಗ ವಿಮೆ ಮಾಡಿಸಬಹುದು ಎಂದುಕೊಳ್ಳಬೇಡಿ. 1938ರ ವಿಮಾ ಕಾಯ್ದೆಯ ಪ್ರಕಾರ ಪ್ರೀಮಿಯಂ ಕಂಪನಿಗೆ ಸೇರುವ ಮೊದಲು ಹೊಣೆ ಶುರುವಾಗುವುದಿಲ್ಲ. ಏಜೆಂಟರಿಗೆ ಫಾರಂ ತುಂಬಿಕೊಟ್ಟೆ, ಫೋನಿನಲ್ಲಿ ಹೇಳಿದ್ದೆ ಎಂದರೆ ನಡೆಯದು. ಚಂಡಮಾರುತದ ಮುನ್ನೆಚ್ಚರಿಕೆ ಹೊರಬಿದ್ದ ಮೇಲೆ, ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಆ ಭಾಗದಲ್ಲಿ ಹೊಸ ಪಾಲಿಸಿ ಕೊಡದಿರುವ ಸ್ವಾತಂತ್ರ್ಯ ಕಂಪನಿಗಿದೆ. ನವೀಕರಣದ ದಿನ ತಪ್ಪಿದರೂ ಅದೇ ಕಥೆ. ಜೂನ್ 30ಕ್ಕೆ ಮುಗಿದ ಪಾಲಿಸಿಗೆ ಜುಲೈ 5ರಂದು ಹಣ ಕಟ್ಟಿದರೆ, ನಡುವಿನ ನಾಲ್ಕು ದಿನದಲ್ಲಿ ಬಿದ್ದ ಗೋಡೆಗೆ ಯಾರೂ ಜವಾಬ್ದಾರರಲ್ಲ.

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರ ಸ್ಥಿತಿ ಇನ್ನೂ ಕಟ್ಟುನಿಟ್ಟು. ಅಲ್ಲಿನ ಸಾಮಾನ್ಯ ಮನೆ ಪಾಲಿಸಿಯಲ್ಲಿ ಪ್ರವಾಹವೂ ಇಲ್ಲ, ಭೂಕಂಪವೂ ಇಲ್ಲ. ಪ್ರವಾಹಕ್ಕೆ ಸರ್ಕಾರದ ರಾಷ್ಟ್ರೀಯ ವಿಮಾ ಯೋಜನೆ ಬೇರೆ ಇದೆ. ಅದರಲ್ಲಿ ಸಾಮಾನ್ಯವಾಗಿ 30 ದಿನ ಕಾಯಬೇಕು, ವಾಸದ ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್.

ಕ್ಲೇಮನ್ನು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಯಾವ ಹೊರತಿನ ಅಡಿಯಲ್ಲಿ ತಿರಸ್ಕರಿಸಿದರು ಎಂಬುದು ಅದರಲ್ಲಿರಬೇಕು. ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲಿ ತಿಂಗಳೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಕೇಳುತ್ತಾರೆ. ಮಳೆಯ ಪ್ರಮಾಣದ ದಾಖಲೆ, ಗ್ರಾಮ ಲೆಕ್ಕಿಗರ ಮಹಜರು, ಮಳೆಗೆ ಮುಂಚಿನ ಮತ್ತು ನಂತರದ ಫೋಟೋ ಇವು ನಿಮ್ಮ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಸಾಲದ ಮನೆಯಲ್ಲಿರುವವರು ಈ ವಾರವೇ ಬ್ಯಾಂಕಿಗೆ ಹೋಗಿ ಪಾಲಿಸಿಯ ಪೂರ್ತಿ ಪ್ರತಿ ಕೇಳಿ. ಸಾಲದ ಜೊತೆ ಕಟ್ಟಿಸಿಕೊಂಡ ವಿಮೆ ಎಷ್ಟೋ ಸಲ ಸಾಲಗಾರರ ಜೀವಕ್ಕೆ ಮಾಡಿಸಿದ್ದಾಗಿರುತ್ತದೆ, ಗೋಡೆಗಲ್ಲ. ಗೋಡೆಗೇ ಆಗಿದ್ದರೆ ಅದು 2021ಕ್ಕೆ ಹಿಂದಿನದೋ ಮುಂದಿನದೋ, ವಿಮಾ ಮೊತ್ತ ಎಷ್ಟು, ತಡೆಗೋಡೆ ಮತ್ತು ಕೊಟ್ಟಿಗೆ ಅದರಲ್ಲಿ ಬರೆದಿದೆಯೋ ನೋಡಿ. ಮತ್ತೆ ಮೇ ತಿಂಗಳ ಒಂದು ಬೆಳಿಗ್ಗೆ, ಬರೆ ಒಣಗಿರುವಾಗಲೇ, ಮನೆಯ ನಾಲ್ಕೂ ಗೋಡೆಯ ಮತ್ತು ಹಿಂದಿನ ಬರೆಯ ಫೋಟೋ ತೆಗೆದು ದಿನಾಂಕ ಸಮೇತ ಊರಾಚೆ ಇರುವ ಮಗನಿಗೋ ಮಗಳಿಗೋ ಕಳಿಸಿಡಿ.